ಗೇಟ್‌ವೇ ಕ್ಲಿಯರಿಂಗ್ ಖಾತೆಲಿ ಉಳಿದಿದ್ದ 6,84,210 ರೂಪಾಯಿ: ಒಂದು ಆನ್‌ಲೈನ್ ಬಟ್ಟೆ ಅಂಗಡಿಯ ಆಡಿಟ್ ಲಾಗ್

ಕ್ಲೈಂಟ್ ಬೆಂಗಳೂರಿನ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಕಾಟನ್ ಕುರ್ತಾ ಮತ್ತೆ ಸೀರೆ ಮಾರ್ತಾರೆ, ಸ್ವಂತ ವೆಬ್‌ಸೈಟ್ ಇದೆ, ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಇಲ್ಲ. ಹಂಗಾಗಿ ಮಾರ್ಕೆಟ್‌ಪ್ಲೇಸ್‌ನೋರು ಹಿಡ್ಕೊಳ್ಳೋ ಟಿಸಿಎಸ್, 194-ಒ ಟಿಡಿಎಸ್ ಅನ್ನೋ ತೆರಿಗೆಗಳ ತಲೆನೋವು ಇರ್ಲಿಲ್ಲ. ದುಡ್ಡು ಬರೋದು ಎರಡೇ ದಾರೀಲಿ, ಪೇಮೆಂಟ್ ಗೇಟ್‌ವೇ ಮೂಲಕ ಪ್ರೀಪೇಯ್ಡ್, ಇಲ್ಲಾಂದ್ರೆ ಕೊರಿಯರ್‌ನೋರು ಕಲೆಕ್ಟ್ ಮಾಡ್ಕೊಡೋ ಕ್ಯಾಶ್ ಆನ್ ಡೆಲಿವರಿ. 2024-25ರ ಆಡಿಟ್. ಟ್ಯಾಲಿಲಿ ಗೇಟ್‌ವೇ ಕ್ಲಿಯರಿಂಗ್ ಅಂತ ಒಂದು ಲೆಡ್ಜರ್, ಮಾರ್ಚ್ 31ಕ್ಕೆ ಅದರಲ್ಲಿ 6,84,210 ರೂಪಾಯಿ ಡೆಬಿಟ್ ಬ್ಯಾಲೆನ್ಸ್. ಅಂದ್ರೆ ಗೇಟ್‌ವೇಯಿಂದ ನಮಗೆ ಇಷ್ಟು ಬರ್ಬೇಕು ಅಂತ ಪುಸ್ತಕ ಹೇಳ್ತಿದೆ.

ಅಕೌಂಟೆಂಟ್ ಮೇಡಂ ಹೇಳಿದ್ದು, "ಸಾರ್ ಅದು ಯುಗಾದಿ ಸೇಲ್ ದುಡ್ಡು, ಏಪ್ರಿಲ್‌ನಲ್ಲಿ ಬಂತು." ಕೇಳೋಕೆ ಸರಿಯಾಗೇ ಇದೆ. 2025ರಲ್ಲಿ ಯುಗಾದಿ ಮಾರ್ಚ್ 30, ಭಾನುವಾರ. ಹಬ್ಬದ ಆಫರ್ ಪೂರ್ತಿ ವರ್ಷದ ಕೊನೆ ವಾರಕ್ಕೇ ಬಿದ್ದಿತ್ತು. ಈ ಗೇಟ್‌ವೇ ಸೆಟಲ್‌ಮೆಂಟ್ ಕೊಡೋದು ಎರಡು ವರ್ಕಿಂಗ್ ಡೇ ಆದ್ಮೇಲೆ, ನಡುವೆ ವಾರಾಂತ್ಯ, ಆಮೇಲೆ ಏಪ್ರಿಲ್ 1ಕ್ಕೆ ಬ್ಯಾಂಕ್ ರಜೆ. ಸೋ ಒಂದಿಷ್ಟು ದುಡ್ಡು ದಾರೀಲಿ ಇರೋದು ಸಹಜ. ಆದ್ರೆ ಎಷ್ಟು ಅನ್ನೋದನ್ನ ಯಾರೂ ಎಣಿಸಿರ್ಲಿಲ್ಲ, ನಮ್ಮ ಕೆಲಸ ಅಲ್ಲಿಂದ ಶುರು.

ಮೊದ್ಲು ಫೈಲ್‌ಗಳು

ಮೂರು ಫೈಲ್ ಬೇಕು: ಸ್ಟೋರ್‌ನ ಆರ್ಡರ್ ಎಕ್ಸ್‌ಪೋರ್ಟ್, ಗೇಟ್‌ವೇಯ ಟ್ರಾನ್ಸಾಕ್ಷನ್ ಮಟ್ಟದ ಸೆಟಲ್‌ಮೆಂಟ್ ರಿಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್. ಮೇಡಂ ಮೇಲ್ ಮಾಡಿದ್ದ ಎಕ್ಸೆಲ್ ಬಿಟ್ಟು, ಅವ್ರ ಪಕ್ಕದಲ್ಲೇ ಕೂತು ಡ್ಯಾಶ್‌ಬೋರ್ಡ್‌ನಿಂದ ಸಿಎಸ್‌ವಿ ಇಳಿಸಿಕೊಂಡ್ವಿ. ಇದು ಅಪನಂಬಿಕೆ ಅಲ್ಲ, ಎಡಿಟ್ ಆದ ಫೈಲ್‌ನಲ್ಲಿ ಒಂದು ಫಿಲ್ಟರ್ ಬಿಟ್ಟಿದ್ರೂ ಎಷ್ಟು ಸಾಲು ಕಾಣೆಯಾಗಿದೆ ಅಂತ ಗೊತ್ತಾಗಲ್ಲ, ಅದಕ್ಕೆ.

ಸಿಎಸ್‌ವಿನ ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿ ತೆಗಿಬಾರ್ದು. ಯುಟಿಆರ್, ಅಂದ್ರೆ ಬ್ಯಾಂಕ್ ಟ್ರಾನ್ಸ್‌ಫರ್‌ನ ಗುರುತಿನ ನಂಬರ್, ಪೂರ್ತಿ ಅಂಕಿಗಳಲ್ಲೇ ಇದ್ದು 15 ಅಂಕಿ ದಾಟಿದ್ರೆ ಎಕ್ಸೆಲ್ ಮುಂದಿನ ಅಂಕಿಗಳನ್ನ ಸೊನ್ನೆ ಮಾಡಿಬಿಡುತ್ತೆ, ಆಮೇಲೆ ಬ್ಯಾಂಕ್ ಜೊತೆ ಒಂದೂ ಮ್ಯಾಚ್ ಆಗಲ್ಲ. ಇಂಪೋರ್ಟ್ ಮಾಡುವಾಗಲೇ ಆ ಕಾಲಂನ ಟೆಕ್ಸ್ಟ್ ಅಂತ ಹೇಳ್ಬೇಕು. ಇನ್ನೊಂದು, ಇವ್ರ ಗೇಟ್‌ವೇ ಫೈಲ್‌ನಲ್ಲಿ amount ಪೈಸೆಲಿ ಇತ್ತು, 1,039 ರೂಪಾಯಿ ಅಂದ್ರೆ 103900.

ವರ್ಷದ ಕೊನೆಗೆ ನಿಜವಾಗ್ಲೂ ಕಾಡೋದು ಟೈಮ್ ಝೋನ್. ಸ್ಟೋರ್ ಎಕ್ಸ್‌ಪೋರ್ಟ್ ಭಾರತದ ಸಮಯದಲ್ಲಿತ್ತು, ಗೇಟ್‌ವೇ ಫೈಲ್ ಯುಟಿಸಿಲಿ. ಏಪ್ರಿಲ್ 1ರ ಮಧ್ಯರಾತ್ರಿಯಿಂದ ಬೆಳಿಗ್ಗೆ ಐದೂವರೆವರೆಗೆ ಬಂದ ಪೇಮೆಂಟ್‌ಗಳು ಯುಟಿಸಿ ಲೆಕ್ಕದಲ್ಲಿ ಇನ್ನೂ ಮಾರ್ಚ್ 31. ಹಬ್ಬದ ಸೇಲ್ ಟೈಮಲ್ಲಿ ಜನ ರಾತ್ರಿ ಹನ್ನೆರಡರ ಮೇಲೂ ಫೋನ್ ಹಿಡ್ಕೊಂಡು ಆರ್ಡರ್ ಹಾಕ್ತಿರ್ತಾರೆ, ಸೋ ಇದು ಸಣ್ಣ ಮೊತ್ತ ಆಗಿರಲ್ಲ. ಗೇಟ್‌ವೇ ಫೈಲ್‌ನ ಎಲ್ಲಾ ಸಮಯಕ್ಕೂ ಐದೂವರೆ ಗಂಟೆ ಸೇರಿಸಿ ಒಂದೇ ಗಡಿಯಾರಕ್ಕೆ ತಂದ್ಮೇಲೇ ಮುಂದಿನ ಕೆಲಸ.

ಬ್ಯಾಂಕ್ ಕಡೆಯಿಂದ ಹಿಂದಕ್ಕೆ

ನಾನು ಯಾವಾಗ್ಲೂ ಬ್ಯಾಂಕ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಮೂರರಲ್ಲಿ ಕ್ಲೈಂಟ್ ಕೈ ತಾಗದೇ ಇರೋ ದಾಖಲೆ ಅದೊಂದೇ. ಪ್ರತಿ ಸೆಟಲ್‌ಮೆಂಟ್‌ಗೂ ಒಂದು ಯುಟಿಆರ್ ಇರುತ್ತೆ, ಆ ಸೆಟಲ್‌ಮೆಂಟ್ ಐಡಿ ಅಡಿಲಿ ಇರೋ ಸಾಲುಗಳನ್ನ ಕೂಡಿದ್ರೆ ಬ್ಯಾಂಕ್‌ಗೆ ಬಿದ್ದ ಮೊತ್ತ ಪೈಸೆ ಸಮೇತ ಸಿಗ್ಬೇಕು. ಇಡೀ ವರ್ಷದ್ದು ಸಿಕ್ತು. ಅಂದ್ರೆ ಗೇಟ್‌ವೇ ಸೆಟಲ್ ಮಾಡಿದೆ ಅಂತ ತೋರಿಸಿದ್ದೆಲ್ಲಾ ಬ್ಯಾಂಕ್‌ಗೆ ಬಂದಿದೆ, ದಾರೀಲಿದ್ದ ದುಡ್ಡು ಬಿಟ್ಟು ವ್ಯತ್ಯಾಸ ಏನಿದ್ರೂ ಪುಸ್ತಕದಲ್ಲೇ ಇದೆ. ಈ ಹಂತ ಮುಗಿಸ್ದೇ ಆರ್ಡರ್ ಮ್ಯಾಚಿಂಗ್‌ಗೆ ಹೋದ್ರೆ ಎರಡು ಕಡೆಯ ತಪ್ಪೂ ಕಲೆಸಿಹೋಗಿ ಯಾವ್ದು ಯಾರ್ದು ಅಂತ ಬಿಡಿಸೋಕಾಗಲ್ಲ.

ಆಮೇಲೆ ಮಾರ್ಚ್ 31ರವರೆಗೆ ಕ್ಯಾಪ್ಚರ್ ಆಗಿ ಏಪ್ರಿಲ್‌ನಲ್ಲಿ ಸೆಟಲ್ ಆದ ಪೇಮೆಂಟ್‌ಗಳನ್ನ ಮಾತ್ರ ಎತ್ತಿಕೊಂಡ್ವಿ. ಒಟ್ಟು 4,52,600. ಇವ್ರಿಗೆ ಗೇಟ್‌ವೇ ಚಾರ್ಜ್ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, ಸೇರಿಸಿದ್ರೆ ಶೇ. 2.36, ಅಂದ್ರೆ 10,681. ಕಳೆದ್ರೆ 4,41,919. ಇದು ನಿಜವಾಗ್ಲೂ ದಾರೀಲಿದ್ದ ದುಡ್ಡು. ಪುಸ್ತಕದಲ್ಲಿ 6,84,210. ಮಧ್ಯದ 2,42,291 ಯುಗಾದಿ ಸೇಲ್ ಅಲ್ಲ, ಅದು ಯಾವತ್ತೂ ಬರೋದೂ ಇಲ್ಲ.

ಆರ್ಡರ್ ಮಟ್ಟದ ಮ್ಯಾಚಿಂಗ್

ಇಲ್ಲಿಂದ ಎಕ್ಸೆಲ್ ಬಿಟ್ಟು ಮೂರೂ ಫೈಲ್‌ನ ಎಸ್‌ಕ್ಯೂಲೈಟ್‌ಗೆ ಹಾಕಿದ್ವಿ, ಜೊತೆಗೆ ಟ್ಯಾಲಿಯ ಕ್ರೆಡಿಟ್ ನೋಟ್ ರಿಜಿಸ್ಟರ್ ಕೂಡ, ಕ್ರೆಡಿಟ್ ನೋಟ್ ಅಂದ್ರೆ ಇನ್‌ವಾಯ್ಸ್ ಮೊತ್ತನ ಆಮೇಲೆ ಇಳಿಸೋ ದಾಖಲೆ. ಕ್ವೆರಿಯ ಮುಖ್ಯ ಭಾಗ ಇಷ್ಟೇ:

```sql
WITH g AS (
  SELECT order_id,
    SUM(CASE WHEN type='payment' THEN amount ELSE 0 END)/100.0 AS paid,
    SUM(CASE WHEN type='refund'  THEN amount ELSE 0 END)/100.0 AS refunded
  FROM gateway GROUP BY order_id),
c AS (
  SELECT order_id, SUM(amount) AS cn
  FROM credit_notes GROUP BY order_id)
SELECT o.order_id, o.invoice_total, g.paid, g.refunded, c.cn
FROM orders o
LEFT JOIN g ON g.order_id = o.order_id
LEFT JOIN c ON c.order_id = o.order_id
WHERE o.mode = 'prepaid'
  AND (ABS(o.invoice_total - COALESCE(g.paid,0)) > 0.5
    OR ABS(COALESCE(g.refunded,0) - COALESCE(c.cn,0)) > 0.5);
```

ಮೊದ್ಲು GROUP BY ಮಾಡಿ ಆಮೇಲೆ JOIN ಮಾಡಿರೋದಕ್ಕೆ ಕಾರಣ ಇದೆ. ಒಂದೇ ಆರ್ಡರ್‌ಗೆ ಎರಡು ಸಲ ಪಾರ್ಶಿಯಲ್ ರಿಫಂಡ್ ಆಗಿರುತ್ತೆ, ಮೂರು ಕುರ್ತಾದಲ್ಲಿ ಒಂದು ಸೈಜ್ ಆಗಿಲ್ಲ ಅಂತ ಒಂದ್ಸಲ, ಇನ್ನೊಂದರ ಹೊಲಿಗೆ ಬಿಟ್ಟಿದೆ ಅಂತ ಮತ್ತೊಂದ್ಸಲ. ನೇರ ಜೋಡಿಸಿದ್ರೆ ಆ ಆರ್ಡರ್ ಎರಡು ಸಾಲಾಗಿ ಇನ್‌ವಾಯ್ಸ್ ಮೊತ್ತನೂ ಎರಡು ಸಲ ಎಣಿಕೆ ಆಗುತ್ತೆ. ವ್ಯತ್ಯಾಸದ ಷರತ್ತು, ಅಂದ್ರೆ AND ಭಾಗ, ತೆಗೆದು ಒಂದ್ಸಲ ಓಡಿಸಿ, ಇನ್‌ವಾಯ್ಸ್ ಕಾಲಂನ ಮೊತ್ತ ಟ್ಯಾಲಿಯ ಪ್ರೀಪೇಯ್ಡ್ ಸೇಲ್ಸ್ ಜೊತೆ ಕೂಡುತ್ತಾ ಅಂತ ನೋಡಿದ್ರೆ ಈ ಥರದ್ದು ತಕ್ಷಣ ಗೊತ್ತಾಗುತ್ತೆ.

ಮತ್ತೆ ಈ ಕ್ವೆರಿ ಆರ್ಡರ್‌ಗಳ ಕಡೆಯಿಂದ ನೋಡೋದು, ಗೇಟ್‌ವೇಲಿ ದುಡ್ಡು ಬಂದು ಆರ್ಡರೇ ಹುಟ್ಟದಿದ್ರೆ ಇದಕ್ಕೆ ಕಾಣಲ್ಲ. ಅದಕ್ಕೆ ಗೇಟ್‌ವೇ ಕಡೆಯಿಂದಲೂ ಒಂದ್ಸಲ ತಿರುಗಿಸಿ ಓಡಿಸ್ಬೇಕು. ಓಡಿಸಿದಾಗ 6,300 ರೂಪಾಯಿ ಸಿಕ್ತು, ಗ್ರಾಹಕರ ಖಾತೆಯಿಂದ ದುಡ್ಡು ಕಟ್ ಆಗಿದೆ, ಸ್ಟೋರ್‌ಗೆ ಮಾಹಿತಿ ಬರೋ ಮುಂಚೆ ಕನೆಕ್ಷನ್ ಕಡಿದಿದೆ, ಆರ್ಡರ್ ಇಲ್ಲ. ಇದು ಕಂಪನಿಯ ದುಡ್ಡಲ್ಲ, ಗ್ರಾಹಕರಿಗೆ ಕೊಡ್ಬೇಕಾದ ಬಾಕಿ. ಮೊತ್ತ ಸಣ್ಣದು, ಆದ್ರೆ ಇದು ಉಲ್ಟಾ ದಿಕ್ಕಿನದು, ಇದು ಕ್ಲಿಯರಿಂಗ್ ಬ್ಯಾಲೆನ್ಸನ್ನ ಕಮ್ಮಿ ತೋರಿಸ್ತಿತ್ತು. ಹಂಗಾಗಿ ಜಾಸ್ತಿ ತೋರಿಸ್ತಿದ್ದ ತಪ್ಪುಗಳ ಒಟ್ಟು ಮೊತ್ತ 2,42,291 ಅಲ್ಲ, 2,48,591. ನಿವ್ವಳ ವ್ಯತ್ಯಾಸ ಒಂದನ್ನೇ ಹಿಡ್ಕೊಂಡು ಹೊರಟವ್ರಿಗೆ ಇದು ಸಿಗಲ್ಲ.

417 ಆರ್ಡರ್, ಪ್ರತಿಯೊಂದರಲ್ಲೂ ಸರಿಯಾಗಿ ನೂರು ರೂಪಾಯಿ

ಪಟ್ಟಿನ ವ್ಯತ್ಯಾಸದ ಮೊತ್ತದ ಪ್ರಕಾರ ಜೋಡಿಸಿದ ಕೂಡ್ಲೇ ಒಂದು ಕಣ್ಣಿಗೆ ಬಿತ್ತು. 417 ಆರ್ಡರ್‌ಗಳಲ್ಲಿ ಇನ್‌ವಾಯ್ಸ್‌ಗಿಂತ ಪೇಮೆಂಟ್ ಸರಿಯಾಗಿ 100 ರೂಪಾಯಿ ಕಮ್ಮಿ, ಎಲ್ಲಾ ಯುಗಾದಿ ವಾರದ್ದು. ಒಂದೇ ಮೊತ್ತ ಇಷ್ಟು ಸಲ ಬಂದ್ರೆ ಅದು ಯಾರೋ ಕೈತಪ್ಪಿ ಟೈಪ್ ಮಾಡಿದ್ದಲ್ಲ, ಸೆಟ್ಟಿಂಗ್‌ನದ್ದು.

ಒಂದು ಆರ್ಡರ್ ಪೂರ್ತಿ ಬಿಡಿಸಿದ್ವಿ. ಕುರ್ತಾ ಬೆಲೆ ಟ್ಯಾಕ್ಸ್ ಸೇರಿ 1,340. UGADI15 ಕೂಪನ್ ಹಾಕಿದ್ರೆ ಶೇ. 15 ಕಮ್ಮಿ, 1,139. ಆಮೇಲೆ ಆನ್‌ಲೈನ್ ಪೇ ಮಾಡಿದವ್ರಿಗೆ ಇನ್ನೂ ನೂರು ರೂಪಾಯಿ ಬಿಡೋ ಆಫರ್ ಇತ್ತು, ಸಿಒಡಿ ಕಮ್ಮಿ ಮಾಡೋಕೆ ಮಾಡಿದ್ದು, ಒಳ್ಳೆ ಯೋಚನೆನೇ. ಗ್ರಾಹಕರು ಕಟ್ಟಿದ್ದು 1,039. ಆದ್ರೆ ಆ ನೂರು ರೂಪಾಯಿ ಕಳೆಯೋದು ಚೆಕ್‌ಔಟ್‌ನ ಬೇರೆ ಆ್ಯಪ್, ಅದು ಸ್ಟೋರ್‌ನ ಡಿಸ್ಕೌಂಟ್ ಕಾಲಂಗೆ ಬರೀತಿರ್ಲಿಲ್ಲ. ಟ್ಯಾಲಿಗೆ ಹೋಗಿದ್ದೂ, ಇನ್‌ವಾಯ್ಸ್ ಪ್ರಿಂಟ್ ಆಗಿದ್ದೂ 1,139ಕ್ಕೆ.

ನೂರು ರೂಪಾಯಿ ಸೇಲ್ಸ್ ಜಾಸ್ತಿ ಅನ್ನೋದಷ್ಟೇ ಆಗಿದ್ರೆ 41,700ರ ಒಂದು ಎಂಟ್ರಿ ಹಾಕಿ ಮುಗಿಸಬಹುದಿತ್ತು. ಆದ್ರೆ ಇದು ಬಟ್ಟೆ. ಆ ವರ್ಷ ರೆಡಿಮೇಡ್ ಬಟ್ಟೆಗೆ ಒಂದು ಪೀಸ್‌ನ ಮೌಲ್ಯ 1,000 ರೂಪಾಯಿವರೆಗೆ ಶೇ. 5, ದಾಟಿದ್ರೆ ಶೇ. 12 ಜಿಎಸ್‌ಟಿ ಇತ್ತು. 1,139ರಲ್ಲಿ ಟ್ಯಾಕ್ಸ್ ತೆಗೆದ್ರೆ ಮೌಲ್ಯ 1,016.96, ಸಾವಿರ ದಾಟಿದೆ, ಟ್ಯಾಕ್ಸ್ 122.04. ನಿಜವಾಗಿ ಕಟ್ಟಿದ 1,039ರಲ್ಲಿ ಮೌಲ್ಯ 989.52, ಸಾವಿರದೊಳಗೆ, ಟ್ಯಾಕ್ಸ್ 49.48. ಡಿಸ್ಕೌಂಟ್ ಕಾಲಂ ಬಿಟ್ಟುಹೋಗಿದ್ದಕ್ಕೆ ದರದ ಸ್ಲ್ಯಾಬೇ ಬದಲಾಗಿ ಒಂದು ಕುರ್ತಾಗೆ 72 ರೂಪಾಯಿ ಮೇಲೆ ಜಾಸ್ತಿ ಟ್ಯಾಕ್ಸ್ ಹೋಗಿದೆ. 417ರಲ್ಲಿ ಎಲ್ಲವೂ ಹಿಂಗಲ್ಲ, ಸೀರೆಗಳಿಗೆ ಈ ಸ್ಲ್ಯಾಬ್ ಬರಲ್ಲ, ಕೆಲವು ಕುರ್ತಾ ಮೊದ್ಲೇ ಸಾವಿರದೊಳಗೆ ಇದ್ವು, ಅದಕ್ಕೆ ಐಟಂ ಪ್ರಕಾರ ಬೇರೆ ಮಾಡ್ಲೇಬೇಕಾಯ್ತು.

ಸರಿ ಮಾಡೋದು ಹೆಂಗೆ? ಜಿಎಸ್‌ಟಿ ಕಾಯ್ದೆ ಸೆಕ್ಷನ್ 15(3) ಪ್ರಕಾರ ಮಾರುವಾಗಲೇ ಕೊಟ್ಟ ಡಿಸ್ಕೌಂಟ್ ಮೌಲ್ಯದಿಂದ ಕಳೀಬೇಕು ಅಂದ್ರೆ ಅದು ಇನ್‌ವಾಯ್ಸ್‌ನಲ್ಲಿ ಕಾಣಿಸಿರ್ಬೇಕು. ಇಲ್ಲಿ ಕಾಣಿಸಿಲ್ಲ. ಸುಮ್ನೆ ಜರ್ನಲ್ ಹಾಕಿ ಟ್ಯಾಕ್ಸ್ ಇಳಿಸೋಕಾಗಲ್ಲ, ಸೆಕ್ಷನ್ 34ರ ಕ್ರೆಡಿಟ್ ನೋಟ್ ಬೇಕು, ಆ ವರ್ಷದ್ದಕ್ಕೆ ಕೊನೆ ಗಡುವು ಮುಂದಿನ ನವೆಂಬರ್ 30, ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿದ್ರೆ ಆ ದಿನ. ಟ್ಯಾಕ್ಸ್ ಹೊರೆ ಗ್ರಾಹಕರ ಮೇಲೆ ಹೋಗಿಲ್ಲ ಅಂತನೂ ತೋರಿಸ್ಬೇಕು, ಅದಕ್ಕೆ ಪುರಾವೆ ಗೇಟ್‌ವೇ ರಿಪೋರ್ಟ್‌ನ 1,039 ಅನ್ನೋ ಸಾಲೇ. ಅವ್ರ ಜಿಎಸ್‌ಟಿ ನೋಡ್ಕೊಳ್ಳೋರಿಗೆ ಆರ್ಡರ್ ಪ್ರಕಾರ ಪಟ್ಟಿ ಕೊಟ್ವಿ. (ಈ ಸಾವಿರದ ಗಡಿ 2025ರ ಸೆಪ್ಟೆಂಬರ್ 22ರಿಂದ 2,500ಕ್ಕೆ ಏರಿದೆ, ಮೇಲಿನ ದರ ಶೇ. 18 ಆಗಿದೆ. ಅಂದ್ರೆ ಈಗ ಇದೇ ತೊಂದ್ರೆ ದುಬಾರಿ ಬಟ್ಟೆಗಳಲ್ಲಿ, ಇನ್ನೂ ದೊಡ್ಡ ಮೊತ್ತಕ್ಕೆ ಆಗುತ್ತೆ.)

ರಿಫಂಡ್ ಆಗಿದೆ, ರಿಟರ್ನ್ ಇಲ್ಲ

ದೊಡ್ಡ ಮೊತ್ತ ಇಲ್ಲಿ, 1,38,520. ಗೇಟ್‌ವೇಯಿಂದ ರಿಫಂಡ್ ಹೋಗಿದೆ, ಟ್ಯಾಲಿಲಿ ಕ್ರೆಡಿಟ್ ನೋಟ್ ಇಲ್ಲ. ಕ್ರೆಡಿಟ್ ನೋಟ್ ಹುಟ್ಟೋದು ಸ್ಟೋರ್‌ನಲ್ಲಿ ರಿಟರ್ನ್ ಅಂತ ಮಾರ್ಕ್ ಮಾಡಿದಾಗ. ಇವು ಗೇಟ್‌ವೇ ಡ್ಯಾಶ್‌ಬೋರ್ಡ್‌ನಿಂದ ನೇರವಾಗಿ ಒತ್ತಿದ ರಿಫಂಡ್‌ಗಳು. ಕಸ್ಟಮರ್ ಸಪೋರ್ಟ್ ಹುಡುಗಿನ ಕೇಳಿದ್ವಿ. "ಸಾರ್, ಯಾರಾದ್ರೂ ಇನ್‌ಸ್ಟಾದಲ್ಲಿ ಕಂಪ್ಲೇಂಟ್ ಹಾಕಿದ್ರೆ ಮೊದ್ಲು ದುಡ್ಡು ಕೊಟ್ಬಿಡು, ಉಳಿದಿದ್ದು ಆಮೇಲೆ ನೋಡೋಣ ಅಂತ ಓನರ್ ಹೇಳಿದ್ರು." ಆ ಆಮೇಲೆ ಬಂದೇ ಇರ್ಲಿಲ್ಲ. ಆ ಹುಡುಗಿ ಹೇಳಿದ್ದನ್ನೇ ಮಾಡಿದ್ದಾಳೆ, ಕೊರತೆ ಇರೋದು ಪದ್ಧತೀಲಿ.

ಗೋಡೌನ್‌ನಲ್ಲಿ ರಿಟರ್ನ್ ಬಂದ ಪಾರ್ಸಲ್ ಬರೆಯೋ ಒಂದು ಕೈಬರಹದ ರಿಜಿಸ್ಟರ್ ಇತ್ತು, ಕೊರಿಯರ್‌ನ ಎಡಬ್ಲ್ಯೂಬಿ ಅನ್ನೋ ಟ್ರ್ಯಾಕಿಂಗ್ ನಂಬರ್ ಸಮೇತ. ಇಡೀ ಆಡಿಟ್‌ನಲ್ಲಿ ನಂಗೆ ಅತೀ ಉಪಯೋಗಕ್ಕೆ ಬಂದ ದಾಖಲೆ ಅದೇ. ನಮ್ಮ ಹತ್ರ ಸಿಎ ತರಬೇತಿಲಿರೋ ಆರ್ಟಿಕಲ್ಸ್ ಹುಡುಗ ಅದನ್ನ ಕೂತು ಟೈಪ್ ಮಾಡಿ ಕೊರಿಯರ್‌ನ ರಿವರ್ಸ್ ಪಿಕಪ್ ರಿಪೋರ್ಟ್ ಜೊತೆ ತಾಳೆ ನೋಡಿದ. 1,04,330ರ ರಿಫಂಡ್‌ಗೆ ಮಾಲು ವಾಪಸ್ ಬಂದಿರೋದು ಸಿಕ್ತು, ಅದಕ್ಕೆ ಸೇಲ್ಸ್ ರಿವರ್ಸ್, ಕ್ರೆಡಿಟ್ ನೋಟ್, ಸ್ಟಾಕ್ ಒಳಗೆ. ಈ ಮಾಲು ಮಾರ್ಚ್ 31ರ ಸ್ಟಾಕ್ ಎಣಿಕೆಲಿ ಆಗ್ಲೇ ಸೇರಿತ್ತಾ ಅಂತ ನೋಡ್ಕೊಂಡೇ ಸ್ಟಾಕ್ ಎಂಟ್ರಿ ಹಾಕ್ಬೇಕು, ಇಲ್ಲಾಂದ್ರೆ ಒಂದೇ ಕುರ್ತಾ ಎರಡು ಸಲ ಸ್ಟಾಕ್‌ಗೆ ಬರುತ್ತೆ. ಇಲ್ಲಿ ಬಹುಪಾಲು ಎಣಿಕೆಲಿ ಸೇರಿತ್ತು.

21,690 ಪಾರ್ಶಿಯಲ್ ರಿಫಂಡ್, ಮಾಲು ಗ್ರಾಹಕರ ಹತ್ರನೇ ಇದೆ. ಇದರಲ್ಲೂ ಎರಡು ಬಗೆ. ಬಣ್ಣ ಬಿಟ್ಟಿದೆ, ಬಟನ್ ಇಲ್ಲ ಅಂತ ಕೊಟ್ಟಿದ್ದು ಮಾಲಿನ ದೋಷಕ್ಕೆ, ಸೆಕ್ಷನ್ 34ರ ಕ್ರೆಡಿಟ್ ನೋಟ್ ಮಾಡಬಹುದು. ಪಾರ್ಸಲ್ ಲೇಟಾಯ್ತು, ಬೇಜಾರಾಗ್ಬೇಡಿ ಅಂತ ಇನ್ನೂರು ಮುನ್ನೂರು ಕೊಟ್ಟಿದ್ದು ಬೇರೆ, ಆ ವರ್ಷದ ನಿಯಮದಲ್ಲಿ ಮಾರಾಟಕ್ಕೆ ಮುಂಚೆ ಒಪ್ಪಂದ ಇಲ್ದೇ ಆಮೇಲೆ ಕೊಟ್ಟ ಡಿಸ್ಕೌಂಟ್‌ಗೆ ಜಿಎಸ್‌ಟಿ ಇಳಿಸೋಕೆ ಬರ್ತಿರ್ಲಿಲ್ಲ, ಪೂರ್ತಿ ಖರ್ಚು. ಚಾಟ್ ಹಿಸ್ಟರಿ ಓದಿ ಬೇರೆ ಮಾಡಿದ್ವಿ.

ಉಳಿದಿದ್ದು 12,500. ರಿಜಿಸ್ಟರ್‌ನಲ್ಲೂ ಇಲ್ಲ, ಕೊರಿಯರ್ ರಿಪೋರ್ಟ್‌ನಲ್ಲೂ ಇಲ್ಲ, ಚಾಟೂ ಇಲ್ಲ. ಗೇಟ್‌ವೇ ರಿಫಂಡ್ ಹೋಗೋದು ದುಡ್ಡು ಬಂದ ಮೂಲಕ್ಕೇ, ಅಂದ್ರೆ ಯಾರು ಕೊಂಡಿದ್ರೋ ಅವ್ರಿಗೇ. ಹಂಗಂತ ಅಪಾಯ ಇಲ್ಲ ಅಂತಲ್ಲ, ಒಳಗಿನವ್ರಿಗೆ ಪರಿಚಯದವ್ರು ಕೊಂಡು, ಮಾಲು ಇಟ್ಕೊಂಡು, ದುಡ್ಡೂ ವಾಪಸ್ ಪಡೀಬಹುದು. ಫೋನ್ ನಂಬರ್, ವಿಳಾಸ ರಿಪೀಟ್ ಆಗಿದೆಯಾ ಅಂತ ನೋಡಿದ್ವಿ, ಆಗಿರ್ಲಿಲ್ಲ. ಸಿಒಡಿ ರಿಫಂಡ್ ಇದಕ್ಕಿಂತ ಸೂಕ್ಷ್ಮ, ಅಲ್ಲಿ ವಾಪಸ್ ಹೋಗೋಕೆ ಮೂಲನೇ ಇಲ್ಲ, ಗ್ರಾಹಕರು ಕೊಟ್ಟ ಯುಪಿಐ ಐಡಿಗೆ ಕೈಯಾರೆ ಕಳಿಸೋದು. ಅದಕ್ಕೆ ಆ ಪಟ್ಟಿನ ಯುಪಿಐ ಐಡಿ ಪ್ರಕಾರ ಗುಂಪು ಮಾಡಿ, ಬೇರೆ ಬೇರೆ ಗ್ರಾಹಕರ ಆರ್ಡರ್‌ಗೆ ಒಂದೇ ಐಡಿ ಬಂದಿದೆಯಾ ಅಂತ ನೋಡ್ಬೇಕು. ಒಂದು ಐಡಿ ಹಂಗೆ ಸಿಕ್ತು, ಗೋಡೌನ್ ಸ್ಟಾಫ್ ಒಬ್ರದ್ದು. ಗ್ರಾಹಕರಿಗೆ ತಾವೇ ಮೊದ್ಲು ಕೊಟ್ಟು ಆಮೇಲೆ ಕಂಪನಿಯಿಂದ ತಗೊಂಡ್ವಿ ಅಂದ್ರು, ಅವ್ರ ಫೋನ್‌ನಲ್ಲಿ ಅಷ್ಟೂ ಟ್ರಾನ್ಸ್‌ಫರ್ ತೋರಿಸಿದ್ರು, ಗ್ರಾಹಕರ ಹೆಸರು ಮೊತ್ತ ಎರಡೂ ಕೂಡ್ತು. ಆದ್ರೂ ಮ್ಯಾನೇಜ್‌ಮೆಂಟ್ ಲೆಟರ್‌ನಲ್ಲಿ ಬರೆದ್ವಿ, ರಿಫಂಡ್ ಸ್ಟಾಫ್ ಖಾತೆ ಮೂಲಕ ಹೋಗ್ಲೇಬಾರ್ದು ಅಂತ.

ಚಾರ್ಜ್, ಡಿಸ್ಪ್ಯೂಟ್

58,591 ಬಿಡಿಸೋದು ಸುಲಭ ಇತ್ತು. ಫೆಬ್ರವರಿಲಿ ಪುಸ್ತಕ ಬರೆಯೋರು ಬದಲಾಗಿದ್ರು, ಹೊಸಬ್ರು ಬ್ಯಾಂಕ್‌ಗೆ ಬಿದ್ದ ನಿವ್ವಳ ಮೊತ್ತನ ಮಾತ್ರ ಕ್ಲಿಯರಿಂಗ್‌ಗೆ ಕ್ರೆಡಿಟ್ ಮಾಡಿದ್ರು, ಗೇಟ್‌ವೇ ಹಿಡ್ಕೊಂಡ ಚಾರ್ಜ್ ಹಂಗೇ ಉಳೀತು. ಇದರಲ್ಲಿ 49,653 ಖರ್ಚು, 8,938 ಜಿಎಸ್‌ಟಿ. ಆ ಜಿಎಸ್‌ಟಿ, ಖರೀದಿ ಮೇಲೆ ಸಿಗೋ ಟ್ಯಾಕ್ಸ್ ಕ್ರೆಡಿಟ್ ತೋರಿಸೋ ಜಿಎಸ್‌ಟಿಆರ್-2ಬಿಲಿ ಕಾಣಿಸ್ತಿತ್ತು, ಕ್ಲೇಮ್ ಆಗಿರ್ಲಿಲ್ಲ, ಅದಕ್ಕೂ ಗಡುವು ಅದೇ. ಇಲ್ಲೇ ಓನರ್‌ಗೆ ಇನ್ನೊಂದು ತೋರಿಸಿದ್ವಿ, ರಿಫಂಡ್ ಮಾಡಿದ್ರೂ ಈ ಗೇಟ್‌ವೇ ಚಾರ್ಜ್ ವಾಪಸ್ ಕೊಡಲ್ಲ. 1,039ಕ್ಕೆ ಚಾರ್ಜ್ 20.78, ಜಿಎಸ್‌ಟಿ 3.74, ಕೈಗೆ ಬಂದಿದ್ದು 1,014.48, ವಾಪಸ್ ಹೋಗಿದ್ದು ಪೂರ್ತಿ 1,039. ಎರಡೂ ಕಡೆ ಕೊರಿಯರ್ ಬೇರೆ. ರಿಟರ್ನ್ ಅಂದ್ರೆ ಸೊನ್ನೆಗೆ ಸೊನ್ನೆ ಅಂತ ಅವ್ರು ಅಂದ್ಕೊಂಡಿದ್ರು.

ಡಿಸ್ಪ್ಯೂಟ್ 9,780, ಕಾರ್ಡ್ ಗ್ರಾಹಕರು ಬ್ಯಾಂಕ್‌ಗೆ ದೂರು ಕೊಟ್ಟಿದ್ದಕ್ಕೆ ಗೇಟ್‌ವೇ ಸೆಟಲ್‌ಮೆಂಟ್‌ನಿಂದ ಹಿಡ್ಕೊಂಡಿದ್ದು. ಡೆಲಿವರಿ ಪ್ರೂಫ್ ಇದ್ದ 5,890 ಏಪ್ರಿಲ್‌ನಲ್ಲಿ ವಾಪಸ್ ಬಂತು, ಅದನ್ನ ಬೇರೆ ಲೆಡ್ಜರ್‌ಗೆ ಹಾಕಿದ್ವಿ. 3,890 ಹೋಯ್ತು, ನಷ್ಟಕ್ಕೆ.

ಎಲ್ಲಾ ಕೂಡಿದ್ರೆ 1,38,520, 58,591, 41,700, 9,780, ಒಟ್ಟು 2,48,591, ಅದರಲ್ಲಿ 6,300 ಕಳೆದ್ರೆ 2,42,291. ಕೂಡ್ತು.

ಏಪ್ರಿಲ್‌ನಲ್ಲಿ ಬಂದ ರಿಟರ್ನ್

ಕ್ಲಿಯರಿಂಗ್ ಸರಿಯಾದ ಮಾತ್ರಕ್ಕೆ ಸೇಲ್ಸ್ ಸರಿ ಅಂತಲ್ಲ. ಇವ್ರು ಸೇಲ್ಸ್ ಬುಕ್ ಮಾಡೋದು ಡಿಸ್ಪ್ಯಾಚ್ ದಿನ. ಮಾರ್ಚ್ 29, 31ಕ್ಕೆ ಹೊರಟ ಪಾರ್ಸಲ್ ತಲುಪಿದ್ದು ಏಪ್ರಿಲ್‌ನಲ್ಲಿ, ದಾರೀಲಿ ಕಳೆದ್ರೆ ನಷ್ಟ ಕಂಪನಿದೇ. ಆದಾಯ ಯಾವಾಗ ಲೆಕ್ಕಕ್ಕೆ ತಗೋಬೇಕು ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 9 ನೋಡೋದು ರಿಸ್ಕ್ ಯಾವಾಗ ಕೈ ಬದಲಾಯ್ತು ಅಂತ, ಸೋ ಕೊರಿಯರ್ ರಿಪೋರ್ಟ್‌ನ ಡೆಲಿವರಿ ದಿನ ಹಿಡ್ಕೊಂಡು ಅವನ್ನ ಮಾರ್ಚ್ ಸೇಲ್ಸ್‌ನಿಂದ ತೆಗೆದು ಸ್ಟಾಕ್‌ಗೆ ತಂದ್ವಿ. ಪ್ರೀಪೇಯ್ಡ್ ದುಡ್ಡು ಅಡ್ವಾನ್ಸ್ ಆಗಿ ನಿಲ್ಲುತ್ತೆ.

ಮಾರ್ಚ್‌ನಲ್ಲೇ ತಲುಪಿದ್ದು, ಆದ್ರೆ ರಿಟರ್ನ್ ವಿಂಡೋ ಏಪ್ರಿಲ್‌ವರೆಗೂ ತೆರೆದಿದ್ದು, ಅದಕ್ಕೆ ಪ್ರಾವಿಷನ್ ಬೇಕು. ಹಿಂದಿನ ಅನುಭವದ ಮೇಲೆ ಅಂದಾಜು ಮಾಡಿ ಅನ್ನುತ್ತೆ ಎಎಸ್ 9. ಓನರ್ ವರ್ಷದ ಸರಾಸರಿ ದರ ತಗೊಳ್ಳಿ ಅಂದ್ರು, ನಾವು ಒಪ್ಲಿಲ್ಲ. ಹಬ್ಬದ ಸೇಲ್‌ನಲ್ಲಿ ಒಂದೇ ಕುರ್ತಾ ಎರಡು ಸೈಜ್ ತರಿಸಿ ಒಂದು ವಾಪಸ್ ಕಳಿಸೋರು ಜಾಸ್ತಿ, ಸರಾಸರಿ ಅದನ್ನ ಹಿಡಿಯಲ್ಲ. ನಾವು ಕೂತಿರೋ ಹೊತ್ತಿಗೆ ಏಪ್ರಿಲ್‌ನ ನಿಜವಾದ ರಿಟರ್ನ್ ಪಟ್ಟಿನೇ ಕೈಲಿತ್ತು, ಅದನ್ನೇ ಬಳಸಿದ್ವಿ. ಜಿಎಸ್‌ಟಿ ಬಿಟ್ಟು 1,26,400 ಸೇಲ್ಸ್ ಮೌಲ್ಯ, ವಾಪಸ್ ಬಂದ ಮಾಲಿನ ಕಾಸ್ಟ್ 71,000, ಅದರಲ್ಲಿ ಕಲೆಯಾದ, ಟ್ಯಾಗ್ ಕಿತ್ತ ಪೀಸ್‌ಗಳನ್ನ ಗೋಡೌನ್‌ನಲ್ಲೇ ತೆಗೆದು ನೋಡಿ, ಮತ್ತೆ ಮಾರೋಕಾಗದ್ದರ ಬೆಲೆ ಇಳಿಸಿದ್ವಿ.

ಆ 12,500ಕ್ಕೆ ನಾವು ವರದಿಗೆ ಸಹಿ ಮಾಡೋವರೆಗೂ ದಾಖಲೆ ಬರ್ಲಿಲ್ಲ. ಓನರ್ ಅದನ್ನ ಖರ್ಚಿಗೆ ಹಾಕೋಕೆ ಒಪ್ಪಿದ್ರು, ಕ್ರೆಡಿಟ್ ನೋಟ್ ಇಲ್ಲ, ಜಿಎಸ್‌ಟಿ ಇಳಿಕೆನೂ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಸಪೋರ್ಟ್ ಲಾಗಿನ್‌ಗೆ ರಿಫಂಡ್ ಬಟನ್ ತೆಗೆಸಿದ್ದಾರೆ, ಈಗ ಸ್ಟೋರ್‌ನಲ್ಲಿ ರಿಟರ್ನ್ ಎಂಟ್ರಿ ಹಾಕಿದ್ರೆ ಮಾತ್ರ ರಿಫಂಡ್ ಹೋಗುತ್ತೆ. ಮೇಲಿನ ಕ್ವೆರಿನ ಮೇಡಂ ಪ್ರತಿ ತಿಂಗಳು ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕೋ ಮುಂಚೆ ಓಡಿಸ್ತಿದ್ದಾರೆ.